ಅಂಕಪಟ್ಟಿಗೆ ಒಂದೇ ಸೂತ್ರ: ಪಾಸ್, ಫೇಲ್, ಡಿಸ್ಟಿಂಕ್ಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಹೋದ್ಯೋಗಿ ಮಿತ್ರರೇ,

ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ಈ ಸಲ ಎಲ್ಲ ವಿಭಾಗದವರೂ ಒಂದೇ ನಮೂನೆಯ ಶೀಟಿನಲ್ಲಿ ತುಂಬಬೇಕು, ಫಲಿತಾಂಶದ ಕಾಲಂನಲ್ಲಿ ಒಂದೇ ಸೂತ್ರ ಇರಬೇಕು ಎಂದು ಸ್ಟಾಫ್ ಮೀಟಿಂಗಿನಲ್ಲಿ ತೀರ್ಮಾನವಾಯಿತಲ್ಲ, ಅಂದಿನಿಂದ ಸ್ಟಾಫ್ ರೂಮಿನಲ್ಲಿ, ಬಸ್ಸಿಗೆ ಕಾಯುವಾಗ, ಕೊನೆಗೆ ಬಿಸಿಯೂಟ ಬಡಿಸುವ ಹೊತ್ತಿನಲ್ಲೂ ನೀವು ಕೇಳುತ್ತಿರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಹತ್ತನೇ ತರಗತಿಯ ಶೀಟಿನವು. ಎಂಟು, ಒಂಬತ್ತನೇ ತರಗತಿಯವರಿಗೆ ಏನು ವ್ಯತ್ಯಾಸ ಎಂಬುದು ಮುಂದೆ ಬರುತ್ತದೆ.

ಇಷ್ಟು ವರ್ಷ ನಮ್ಮ ನಮ್ಮ ಸೂತ್ರದಲ್ಲೇ ನಡೆದಿತ್ತಲ್ಲ, ಈಗೇನು ತೊಂದರೆ?

ತೊಂದರೆ ಗೈರುಹಾಜರಾದ ಮಕ್ಕಳದ್ದು. ನಮ್ಮಲ್ಲಿ ಹೆಚ್ಚಿನವರ ಶೀಟಿನಲ್ಲಿ ಇರುವ ಸೂತ್ರ ಇದು:

```
=IF(AND(C5>=35,D5>=35,E5>=35,F5>=35,G5>=35,H5>=35),"ಪಾಸ್","ಫೇಲ್")
```

ನೋಡಲು ಏನೂ ತಪ್ಪಿಲ್ಲ. ಆದರೆ ವಿಜ್ಞಾನಕ್ಕೆ ಬಾರದ ಹುಡುಗಿಯ ಸಾಲಿನಲ್ಲಿ `AB` ಎಂದು ಹಾಕಿ ನೋಡಿ. ಫಲಿತಾಂಶ ‘ಪಾಸ್’ ಎಂದೇ ಬರುತ್ತದೆ. ಕಾರಣ, ಅಕ್ಷರವನ್ನೂ ಸಂಖ್ಯೆಯನ್ನೂ ಹೋಲಿಸಲು ಹೇಳಿದರೆ ಎಕ್ಸೆಲ್ ಯಾವ ಅಕ್ಷರವನ್ನಾದರೂ ಯಾವ ಸಂಖ್ಯೆಗಿಂತಲೂ ದೊಡ್ಡದು ಎಂದೇ ಲೆಕ್ಕ ಹಾಕುತ್ತದೆ. ಅದರ ಪಾಲಿಗೆ `AB` 35ಕ್ಕಿಂತ ದೊಡ್ಡದು, 100ಕ್ಕಿಂತಲೂ ದೊಡ್ಡದು. ಅದೇ ಜಾಗವನ್ನು ಖಾಲಿ ಬಿಟ್ಟರೆ ಸೊನ್ನೆ ಎಂದು ಭಾವಿಸಿ ‘ಫೇಲ್’ ಎನ್ನುತ್ತದೆ. ಒಂದೇ ಮಗು, ಒಂದೇ ಗೈರು, ತುಂಬಿದವರ ಅಭ್ಯಾಸದ ಮೇಲೆ ಎರಡು ಫಲಿತಾಂಶ.

ಸರಾಸರಿ ಬಳಸುವವರ ಶೀಟಿನಲ್ಲಿ ಇನ್ನೂ ವಿಚಿತ್ರ. ಒಂದು ಸಾಲನ್ನು ಪೂರ್ತಿ ನೋಡೋಣ. ಕನ್ನಡ 118, ಇಂಗ್ಲಿಷ್ 91, ಹಿಂದಿ 94, ಗಣಿತ 96, ವಿಜ್ಞಾನ AB, ಸಮಾಜ ವಿಜ್ಞಾನ 92. ಒಟ್ಟು 491. `AVERAGE` ಅಕ್ಷರವಿರುವ ಸೆಲ್ಲನ್ನು ಬಿಟ್ಟುಬಿಡುವುದರಿಂದ 491ನ್ನು ಐದರಿಂದ ಭಾಗಿಸಿ 98.2 ಕೊಡುತ್ತದೆ. ಒಂದು ಪೇಪರ್ ಬರೆಯದ ಮಗುವಿಗೆ ಡಿಸ್ಟಿಂಕ್ಷನ್! ನಿಜವಾಗಿ 625ಕ್ಕೆ 491 ಎಂದರೆ ಶೇಕಡ 78.56. ಪ್ರಥಮ ಭಾಷೆ 125ಕ್ಕೆ, ಉಳಿದವು 100ಕ್ಕೆ ಇರುವಾಗ ಎಲ್ಲವನ್ನೂ ಸುಮ್ಮನೆ ಸರಾಸರಿ ಮಾಡುವುದೇ ತಪ್ಪು, ಅದು ಬೇರೆ ಮಾತು.

ಜುಲೈ ಮಳೆಯಲ್ಲಿ ಹಳ್ಳ ಏರಿದರೆ ಆಚೆ ದಡದ ಮಕ್ಕಳು ಬರುವುದಿಲ್ಲ. ಅಡಿಕೆ ಕೊಯ್ಲು ಶುರುವಾದರೆ ಇನ್ನು ಕೆಲವರು ಸುಲಿಯಲು ಕೂರುತ್ತಾರೆ. ನಮ್ಮ ಭಾಗದ ಶೀಟಿನಲ್ಲಿ `AB` ಎಂಬುದು ಅಪರೂಪಕ್ಕೆ ಬರುವ ಸಂಗತಿಯಲ್ಲ. ಹಾಗಾಗಿ ಸೂತ್ರ ಮೊದಲು ನಿಭಾಯಿಸಬೇಕಾದದ್ದು ಇದನ್ನೇ.

ಹೊಸ ಶೀಟಿನ ಅಂಗ ರಚನೆ ಹೇಗಿದೆ?

`A` ಕಾಲಂ ಕ್ರಮಸಂಖ್ಯೆ, `B` ಹೆಸರು. `C`ಯಿಂದ `H`ವರೆಗೆ ಆರು ವಿಷಯಗಳು: ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. `I` ಒಟ್ಟು, `J` ಶೇಕಡ, `K` ಫಲಿತಾಂಶ.

ಮೊದಲ ಸಾಲು ತಲೆಬರಹ. ಎರಡನೇ ಸಾಲಿನಲ್ಲಿ ಗರಿಷ್ಠ ಅಂಕಗಳು: ಕನ್ನಡದ ಕೆಳಗೆ 125, ಉಳಿದ ಐದಕ್ಕೂ 100, `I2`ರಲ್ಲಿ 625. ಮೂರನೇ ಸಾಲಿನಲ್ಲಿ ಪಾಸಾಗಲು ಬೇಕಾದ ಕನಿಷ್ಠ ಅಂಕಗಳು: ಕನ್ನಡಕ್ಕೆ 38, ಉಳಿದವಕ್ಕೆ 30, `I3`ರಲ್ಲಿ ಒಟ್ಟಿನ ಕನಿಷ್ಠ 206. ನಾಲ್ಕನೇ ಸಾಲಿನಲ್ಲಿ `I4` ಒಂದೇ ಸೆಲ್ ತುಂಬಿದೆ, ಅದು ಡಿಸ್ಟಿಂಕ್ಷನ್ ಶುರುವಾಗುವ ಅಂಕ, 532. ಮಕ್ಕಳ ಹೆಸರು ಐದನೇ ಸಾಲಿನಿಂದ.

ಈ ಎರಡು, ಮೂರು, ನಾಲ್ಕನೇ ಸಾಲುಗಳೇ ನಿಯಮ. ಸೂತ್ರದೊಳಗೆ ಪಾಸಿನ ಅಂಕ ಎಲ್ಲೂ ಇಲ್ಲ, ಅದು ಈ ಸಾಲುಗಳನ್ನು ನೋಡಿ ಹೇಳುತ್ತದೆ ಅಷ್ಟೆ.

ಸೂತ್ರ ಯಾವುದು?

`I5`ರಲ್ಲಿ ಒಟ್ಟು:

```
=SUM(C5:H5)
```

`J5`ರಲ್ಲಿ ಶೇಕಡ:

```
=ROUND(I5/I$2*100,2)
```

`K5`ರಲ್ಲಿ ಫಲಿತಾಂಶ:

```
=IF(COUNT(C5:H5)+COUNTIF(C5:H5,"AB")<COUNT(C$2:H$2),"ಬಾಕಿ",
 IF(COUNTIF(C5:H5,"AB")>0,"ಫೇಲ್",
 IF(SUMPRODUCT(--(C5:H5<C$3:H$3))>0,"ಫೇಲ್",
 IF(I5<I$3,"ಫೇಲ್",
 IF(I5>=I$4,"ಡಿಸ್ಟಿಂಕ್ಷನ್","ಪಾಸ್")))))
```

ಮೂರನ್ನೂ ಐದನೇ ಸಾಲಿನಲ್ಲಿ ಹಾಕಿ, ಸೆಲ್ಲಿನ ಬಲ ಮೂಲೆಯ ಚುಕ್ಕಿ ಹಿಡಿದು ಕೊನೆಯ ಮಗುವಿನವರೆಗೆ ಎಳೆದರೆ ಆಯಿತು. ಎಕ್ಸೆಲ್, ಗೂಗಲ್ ಶೀಟ್ಸ್, ಲ್ಯಾಬಿನ ಕಂಪ್ಯೂಟರ್‌ಗಳಲ್ಲಿರುವ ಲಿಬ್ರೆ ಆಫೀಸ್, ಮೂರರಲ್ಲೂ ಇದೇ ನಡೆಯುತ್ತದೆ.

ಇಷ್ಟುದ್ದದ ಸೂತ್ರ ನೋಡಿಯೇ ತಲೆ ತಿರುಗುತ್ತೆ ಮೇಡಂ. ಒಳಗೆ ಏನು ನಡೆಯುತ್ತಿದೆ?

ಐದು ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಕೇಳುತ್ತದೆ. ಒಂದಕ್ಕೆ ಉತ್ತರ ಸಿಕ್ಕ ಕೂಡಲೇ ಅಲ್ಲಿಗೇ ನಿಲ್ಲುತ್ತದೆ, ಮುಂದಿನದನ್ನು ನೋಡುವುದೇ ಇಲ್ಲ.

ಮೊದಲ ಪ್ರಶ್ನೆ: ಆರೂ ಜಾಗ ಸರಿಯಾಗಿ ತುಂಬಿದೆಯೇ? `COUNT` ಬರೀ ಸಂಖ್ಯೆಗಳನ್ನು ಎಣಿಸುತ್ತದೆ. ಅದಕ್ಕೆ `AB`ಗಳ ಲೆಕ್ಕ ಕೂಡಿಸಿದರೆ ಆರು ಬರಬೇಕು. ಆರು ಎಂಬುದನ್ನೂ ನಾನು ಬರೆದಿಲ್ಲ, ಎರಡನೇ ಸಾಲಿನಲ್ಲಿ ಎಷ್ಟು ವಿಷಯಕ್ಕೆ ಗರಿಷ್ಠ ಅಂಕ ಇದೆಯೋ ಅಷ್ಟು. ಕಡಿಮೆ ಬಂದರೆ ‘ಬಾಕಿ’. ಅಂದರೆ ಯಾರೋ ಅಂಕ ಕೊಟ್ಟಿಲ್ಲ, ಇಲ್ಲವೇ ಕೊಟ್ಟದ್ದು ಸಂಖ್ಯೆಯಾಗಿ ಕೂತಿಲ್ಲ.

ಎರಡನೆಯದು: `AB` ಇದೆಯೇ? ಇದ್ದರೆ ಫೇಲ್. ಮೂರನೆಯದು: ಯಾವುದಾದರೂ ವಿಷಯ ಅದರ ಕೆಳಮಿತಿಗಿಂತ ಕೆಳಗಿದೆಯೇ? ಇಲ್ಲಿನ `SUMPRODUCT` ಆರೂ ಸೆಲ್ಲನ್ನು ಮೂರನೇ ಸಾಲಿನ ಆರು ಸೆಲ್ಲಿನ ಜೊತೆ ಒಂದಕ್ಕೊಂದು ಹೋಲಿಸಿ, ಎಷ್ಟು ವಿಷಯದಲ್ಲಿ ಕಡಿಮೆ ಬಿದ್ದಿದೆ ಎಂದು ಎಣಿಸುತ್ತದೆ. ಆವರಣದ ಮುಂದಿನ ಎರಡು ಅಡ್ಡಗೆರೆಗಳು ಹೌದು–ಅಲ್ಲ ಎಂಬ ಉತ್ತರವನ್ನು ಒಂದು–ಸೊನ್ನೆಯಾಗಿಸಲು; ಅವು ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಲೆಕ್ಕ ಯಾವಾಗಲೂ ಸೊನ್ನೆಯೇ ಬಂದು ಈ ಹಂತದಲ್ಲಿ ಯಾರೂ ಫೇಲ್ ಆಗುವುದಿಲ್ಲ. ನಾಲ್ಕನೆಯದು ಒಟ್ಟು ಅಂಕದ ಮಿತಿ. ಐದನೆಯದು ಡಿಸ್ಟಿಂಕ್ಷನ್.

ಈ ಅನುಕ್ರಮವನ್ನು ಮಾತ್ರ ಹಿಂದುಮುಂದು ಮಾಡಬೇಡಿ. ಡಿಸ್ಟಿಂಕ್ಷನ್ ಪ್ರಶ್ನೆಯನ್ನು ಮೊದಲು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಈ ಸಾಲು ನೋಡಿ: 121, 97, 26, 99, 97, 96. ಒಟ್ಟು 536. ಡಿಸ್ಟಿಂಕ್ಷನ್ ಮಿತಿ ದಾಟಿದೆ, ಹಿಂದಿಯಲ್ಲಿ ಮಾತ್ರ 26. ಮೊದಲೇ ಡಿಸ್ಟಿಂಕ್ಷನ್ ಎಂದುಬಿಟ್ಟರೆ ಹಿಂದಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಸೂತ್ರ ಇದನ್ನು ಫೇಲ್ ಎನ್ನುತ್ತದೆ. ಅಂಥ ಮಗು ಫೇಲ್ ಎಂದು ಬಂದರೆ ತರಗತಿ ಶಿಕ್ಷಕರು ತಕ್ಷಣ ಹಿಂದಿ ಉತ್ತರಪತ್ರಿಕೆ ತೆಗೆದು ನೋಡುತ್ತಾರೆ. ಬಹುಪಾಲು ಅದು 62 ಆಗಬೇಕಿದ್ದದ್ದು 26 ಆಗಿರುತ್ತದೆ ಎಂಬುದು ನನ್ನ ಅನುಮಾನ. ಹಾಗೆಂದು ನೋಡದೆ ತಿದ್ದುವಂತಿಲ್ಲ.

206 ಎಲ್ಲಿಂದ ಬಂತು? 532 ಯಾಕೆ? 33 ಮತ್ತು 85 ಅಂತ ಶೇಕಡದಲ್ಲೇ ಹಾಕಬಹುದಿತ್ತಲ್ಲ?

ಇದನ್ನು ಕೇಳಿದವರೇ ಹೆಚ್ಚು, ಕೇಳಬೇಕಾದ ಪ್ರಶ್ನೆಯೂ ಹೌದು.

ಎಸ್ಸೆಸ್ಸೆಲ್ಸಿಯಲ್ಲಿ ಬಹಳ ಕಾಲದಿಂದ ಇದ್ದ 35ರ ಮಿತಿಯನ್ನು 2025ರ ಅಕ್ಟೋಬರ್‌ನಲ್ಲಿ ಸರ್ಕಾರ 33ಕ್ಕೆ ಇಳಿಸಿತು. ಒಟ್ಟು 625ಕ್ಕೆ 206 ಬರಬೇಕು, ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇಕಡ 30 ಇರಬೇಕು. ಈಗ ಕ್ಯಾಲ್ಕುಲೇಟರ್ ತೆಗೆದು 625ರ ಶೇಕಡ 33 ಎಷ್ಟೆಂದು ನೋಡಿ: 206.25. ಶೀಟಿನಲ್ಲಿ `J5>=33` ಎಂದು ಬರೆದಿದ್ದರೆ 206 ಪಡೆದ ಮಗುವಿನ ಶೇಕಡ 32.96 ಆಗಿ ಫೇಲ್ ಆಗುತ್ತದೆ. ನಿಯಮದ ಪ್ರಕಾರ ಆ ಮಗು ಪಾಸು. ಕಾಲು ಅಂಕದ ಈ ಎಡವಟ್ಟು ತಪ್ಪಿಸಲಿಕ್ಕೇ ಶೇಕಡವನ್ನು ಪಕ್ಕಕ್ಕಿಟ್ಟು ಅಂಕವನ್ನೇ ಬರೆದಿದ್ದೇನೆ.

ಕನ್ನಡಕ್ಕೂ ಇದೇ ಪೇಚು. 125ರ ಶೇಕಡ 30 ಎಂದರೆ 37.5. ನಮ್ಮ ಶಾಲಾ ಪರೀಕ್ಷೆಯ ಮಟ್ಟಿಗೆ ಹೆಡ್‌ಮಾಸ್ಟರ್ 38 ಎಂದು ನಿಗದಿ ಮಾಡಿದ್ದಾರೆ. ಡಿಸ್ಟಿಂಕ್ಷನ್‌ಗೆ ಶೇಕಡ 85 ಎಂದರೆ 531.25, 531 ಪಡೆದವರದು 84.96 ಆಗುವುದರಿಂದ 532 ಎಂದಿಟ್ಟಿದ್ದೇವೆ. ‘206ಕ್ಕೆ ಕೆಳಗಿಳಿಸಿದಿರಿ, 532ಕ್ಕೆ ಮೇಲೇರಿಸಿದಿರಿ, ಇದ್ಯಾವ ನ್ಯಾಯ’ ಎಂದು ಸಮಾಜ ವಿಜ್ಞಾನದ ಸರ್ ಕೇಳಿದರು. ಅವರ ಮಾತು ಸರಿ. ಆದರೆ ಅದು ಸೂತ್ರ ತೀರ್ಮಾನಿಸುವ ವಿಷಯವಲ್ಲ, ಮೀಟಿಂಗಿನಲ್ಲಿ ಆಗಬೇಕಾದದ್ದು. 531 ಸಾಕು ಎಂದು ನಾಳೆ ಎಲ್ಲರೂ ಒಪ್ಪಿದರೆ `I4`ರಲ್ಲಿ ಒಂದು ಅಂಕ ಬದಲಿಸಿದರೆ ಮುಗಿಯಿತು. ಪಾಸಿನ ಮಿತಿ ಮುಂದೆ ಎಂದಾದರೂ ಬದಲಾದರೂ ಅಷ್ಟೇ, ಮೂರನೇ ಸಾಲು ತಿದ್ದಿ. ಸೂತ್ರದ ಒಳಗೆ ಕೈ ಹಾಕಬೇಡಿ.

ಎಲ್ಲ ವಿಷಯದಲ್ಲೂ ಪಾಸಾದ ಹುಡುಗನನ್ನು ಶೀಟು ಫೇಲ್ ಅನ್ನುತ್ತಿದೆ. ಸೂತ್ರ ಕೆಟ್ಟಿದೆಯಾ?

ಕೆಟ್ಟಿಲ್ಲ. ಆರೂ ವಿಷಯದಲ್ಲಿ ಕನಿಷ್ಠ ಅಂಕವನ್ನೇ ಪಡೆದ ಮಗುವಿನ ಒಟ್ಟು ಎಷ್ಟು? 38, ಐದು ಸಲ 30, ಕೂಡಿದರೆ 188. ಒಟ್ಟಿನ ಮಿತಿ 206. ಇನ್ನೂ 18 ಅಂಕ ಬೇಕು. ಅಂದರೆ ಪ್ರತಿ ವಿಷಯದ ಗೆರೆ ದಾಟಿದವರೂ ಒಟ್ಟಿನಲ್ಲಿ ಬೀಳಬಹುದು. ಹಳೆಯ 35ರ ಲೆಕ್ಕದಲ್ಲಿ ಹೀಗಾಗುತ್ತಿರಲಿಲ್ಲ, ಎಲ್ಲದರಲ್ಲೂ ಶೇಕಡ 35 ಬಂದರೆ ಒಟ್ಟೂ 35 ಆಗಿಯೇ ಆಗುತ್ತಿತ್ತು. ಅದಕ್ಕೇ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಪೋಷಕರಿಗಂತೂ ಇನ್ನೂ ವಿಚಿತ್ರ. ‘ಯಾವ ಸಬ್ಜೆಕ್ಟಲ್ಲೂ ಕೆಂಪು ಗೆರೆ ಇಲ್ಲ, ಹೆಂಗೆ ಫೇಲು ಮಾಡಿದ್ರಿ’ ಎಂದು ಬಂದೇ ಬರುತ್ತಾರೆ. 188 ಮತ್ತು 206, ಈ ಎರಡು ಅಂಕ ತೋರಿಸಿ ವಿವರಿಸಿ.

ಇಂಥ ಮಕ್ಕಳನ್ನು ಬೇಗ ಗುರುತಿಸಬೇಕೆಂದರೆ ಫಲಿತಾಂಶ ಫೇಲ್ ಎಂದಿರುವವರನ್ನು ಫಿಲ್ಟರ್ ಮಾಡಿ ಒಟ್ಟು ಅಂಕ 188ರಿಂದ 205ರ ನಡುವೆ ಇರುವವರನ್ನು ನೋಡಿ. ಅವರಲ್ಲಿ ಎಷ್ಟೋ ಮಂದಿಗೆ ಬೇಕಿರುವುದು ಆರು ವಿಷಯಕ್ಕೆ ಹಂಚಿದರೆ ತಲಾ ಎರಡು ಮೂರು ಅಂಕ. ಸಂಜೆಯ ವಿಶೇಷ ತರಗತಿಗೆ ಹೆಸರು ಬರೆಯುವಾಗ ಈ ಪಟ್ಟಿ ಕೈಯಲ್ಲಿರಲಿ.

ಪೂರ್ತಿ ತುಂಬಿದ್ದೇನೆ, ಆದರೂ ‘ಬಾಕಿ’ ಅಂತಲೇ ಬರುತ್ತಿದೆ!

ಕಣ್ಣಿಗೆ ತುಂಬಿದಂತೆ ಕಾಣುತ್ತಿರುವ ಯಾವುದೋ ಅಂಕ ಕಂಪ್ಯೂಟರ್ ಪಾಲಿಗೆ ಅಕ್ಷರವಾಗಿದೆ. ಗುರುತಿಸುವುದು ಸುಲಭ. ನೀವು ಜೋಡಣೆ ಬದಲಿಸಿಲ್ಲದಿದ್ದರೆ ಸಂಖ್ಯೆ ಸೆಲ್ಲಿನ ಬಲಗಡೆಗೆ ಅಂಟಿ ಕೂರುತ್ತದೆ, ಅಕ್ಷರ ಎಡಗಡೆಗೆ. ಆರು ಅಂಕಗಳಲ್ಲಿ ಎಡಕ್ಕೆ ಸರಿದು ಕೂತದ್ದು ಯಾವುದು ನೋಡಿ, ಅದೇ ಕಳ್ಳ. ಎಲ್ಲವನ್ನೂ ನಡುವಿಗೆ ತಂದು ಅಂದವಾಗಿಸಿದವರಿಗೆ ಈ ಸುಳಿವು ಸಿಗುವುದಿಲ್ಲ, ಆದ್ದರಿಂದ ದಯವಿಟ್ಟು ಅಂಕದ ಕಾಲಂಗಳನ್ನು ಸೆಂಟರ್ ಮಾಡಬೇಡಿ.

ನಮ್ಮ ಶಾಲೆಯಲ್ಲಿ ಇದು ಬರುವ ದಾರಿಗಳು ಕೆಲವೇ. ವಾಟ್ಸಾಪಿನಲ್ಲಿ ಬಂದ ಪಟ್ಟಿಯನ್ನು ಹಾಗೇ ಅಂಟಿಸಿದಾಗ ಅಂಕದ ಹಿಂದೆ ಒಂದು ಖಾಲಿ ಜಾಗ ಬಂದಿರುತ್ತದೆ. ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿರುತ್ತೇವೆ. ಕನ್ನಡ ಕೀಲಿಮಣೆಯಲ್ಲೇ ೪೫ ಎಂದು ತುಂಬಿರುತ್ತೇವೆ. ಓದಲು ಚಂದ, ಎಕ್ಸೆಲ್‌ಗೆ ಅದು ಸಂಖ್ಯೆಯಲ್ಲ. ಗೈರಿಗೆ `AB` ಬದಲು ‘ಗೈ’ ಎಂದೋ ಒಂದು ಅಡ್ಡಗೆರೆಯೋ ಹಾಕಿರುತ್ತೇವೆ. ಒಂದೆರಡು ಸೆಲ್ ಆದರೆ ಅಳಿಸಿ ಮತ್ತೆ ಟೈಪ್ ಮಾಡಿ. ಇಡೀ ಕಾಲಂ ಹೀಗಾಗಿದ್ದರೆ, ಎಕ್ಸೆಲ್‌ನಲ್ಲಿ ಆ ಕಾಲಂನ ಅಂಕಗಳನ್ನು ಆಯ್ದು `Data` ಮೆನುವಿನ `Text to Columns` ತೆರೆದು ಏನೂ ಬದಲಿಸದೆ `Finish` ಒತ್ತಿ. ಅಕ್ಷರವಾಗಿ ಕೂತ ಮಾಮೂಲಿ ಅಂಕಗಳು ಸಂಖ್ಯೆಯಾಗುತ್ತವೆ. ಓ ಅಕ್ಷರ, ಕನ್ನಡ ಅಂಕಿ, ‘ಗೈ’, ಅಡ್ಡಗೆರೆ, ಹೋಗದೆ ಉಳಿದ ಖಾಲಿ ಜಾಗ ಇವನ್ನು ಕೈಯಾರೆ ತಿದ್ದಬೇಕು.

ಅಂದಹಾಗೆ, ‘ಬಾಕಿ’ ಎಂದಿರುವಾಗ ಪಕ್ಕದ ಒಟ್ಟು ಅಂಕವನ್ನು ನಂಬಬೇಡಿ. ಅಕ್ಷರವಾಗಿ ಕೂತ 78ನ್ನು `SUM` ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಒಟ್ಟಿನಲ್ಲಿ 78 ಕಡಿಮೆ ತೋರಿಸುತ್ತದೆ, ದೂರೂ ಹೇಳುವುದಿಲ್ಲ.

ಮಳೆಯಿಂದ ಬಾರದ ಮಗುವಿಗೆ ಮರುಪರೀಕ್ಷೆ ಇದೆ. AB ಹಾಕಲಾ, ಖಾಲಿ ಬಿಡಲಾ?

ಖಾಲಿ ಬಿಡಿ. ‘ಬಾಕಿ’ ಎಂದು ಬರಲಿ, ಅದೇ ನಿಜವಾದ ಸ್ಥಿತಿ. ಮರುಪರೀಕ್ಷೆಯೂ ಮುಗಿದು, ಇನ್ನು ಬರೆಯುವುದಿಲ್ಲ ಎಂದು ಖಚಿತವಾದ ಮೇಲೆ ಮಾತ್ರ `AB`. ಸೊನ್ನೆ ಮಾತ್ರ ಹಾಕಲೇಬೇಡಿ. ಸೊನ್ನೆ ಎಂದರೆ ಬಂದು ಕೂತು ಬರೆದು ಏನೂ ಸಿಗಲಿಲ್ಲ ಎಂದರ್ಥ.

ಡಾಲರ್ ಚಿಹ್ನೆ ಯಾಕೆ?

ಸೂತ್ರವನ್ನು ಕೆಳಗೆ ಎಳೆದಾಗ ಸಾಲಿನ ಸಂಖ್ಯೆ ತಾನಾಗಿ ಏರುತ್ತದೆ: `C5` ಇದ್ದದ್ದು `C6`, `C7`. ಮಗುವಿನ ಅಂಕಕ್ಕೆ ಹಾಗೆ ಏರಬೇಕು, ನಿಯಮದ ಸಾಲಿಗೆ ಏರಬಾರದು. `C$3` ಎಂದರೆ ಮೂರನೇ ಸಾಲಿನಲ್ಲೇ ನಿಲ್ಲು ಎಂದು. ಡಾಲರ್ ಬಿಟ್ಟುಹೋದರೆ ಎರಡನೇ ಮಗುವನ್ನು ನಾಲ್ಕನೇ ಸಾಲಿಗೆ, ಮೂರನೇ ಮಗುವನ್ನು ಮೊದಲ ಮಗುವಿನ ಅಂಕಕ್ಕೆ ಹೋಲಿಸಲು ಶುರುಮಾಡುತ್ತದೆ. ಇದರ ಲಕ್ಷಣ ಹೀಗಿರುತ್ತದೆ: ಮೊದಲ ಸಾಲು ಸರಿ, ಕೆಳಗೆ ಹೋದಂತೆ ಬುದ್ಧಿವಂತ ಮಕ್ಕಳೆಲ್ಲ ಫೇಲ್.

ನಿಯಮವನ್ನು ಬೇರೆ ಶೀಟಿನಲ್ಲಿ ಒಂದೇ ಕಡೆ ಇಟ್ಟಿದ್ದರೆ ಚೆನ್ನಾಗಿತ್ತಲ್ಲ?

ಒಂದೇ ಫೈಲನ್ನು ಎಲ್ಲರೂ ಆನ್‌ಲೈನ್‌ನಲ್ಲಿ ತೆರೆಯುವ ಹಾಗಿದ್ದರೆ ಹೌದು. ನಮ್ಮಲ್ಲಿ ನೆಟ್‌ವರ್ಕ್ ಸಿಗಬೇಕೆಂದರೆ ಧ್ವಜಸ್ತಂಭದ ಹತ್ತಿರ ಹೋಗಬೇಕು, ಗಾಳಿ ಬೀಸಿದರೆ ಕರೆಂಟೂ ಇಲ್ಲ. ಫೈಲ್ ಓಡಾಡುವುದು ಪೆನ್‌ಡ್ರೈವಿನಲ್ಲಿ. ಬೇರೆ ಶೀಟನ್ನು ನೋಡುವ ಸೂತ್ರವನ್ನು ಒಂದು ಫೈಲಿನಿಂದ ಇನ್ನೊಂದಕ್ಕೆ ನಕಲು ಮಾಡಿದರೆ ಅದು ಹಳೆಯ ಫೈಲಿನ ಶೀಟನ್ನೇ ಹುಡುಕಿಕೊಂಡು ಹೋಗುತ್ತದೆ; ಆ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ. ನಿಯಮ ಅದೇ ಶೀಟಿನ ತಲೆಯ ಮೇಲಿದ್ದರೆ ಸೂತ್ರವನ್ನು ಎಲ್ಲಿಗೆ ಒಯ್ದರೂ ನಡೆಯುತ್ತದೆ. ಪ್ರಿಂಟ್ ತೆಗೆದಾಗ ಯಾವ ಮಿತಿಯಲ್ಲಿ ಫಲಿತಾಂಶ ಬಂತು ಎಂಬುದೂ ಕಾಗದದ ಮೇಲೆಯೇ ಇರುತ್ತದೆ, ನನಗೆ ಇದು ಹೆಚ್ಚು ಮುಖ್ಯ.

25 ಅಂಕದ ಕಿರುಪರೀಕ್ಷೆಗೆ, ಎಂಟು ಒಂಬತ್ತನೇ ತರಗತಿಗೆ ಬೇರೆ ಸೂತ್ರ ಬೇಕಾ?

ಬೇಡ. ಯಾವ ತರಗತಿಯಾದರೂ ಸೂತ್ರ ಇದೇ, ಎರಡು, ಮೂರು, ನಾಲ್ಕನೇ ಸಾಲಿನಲ್ಲಿ ಆ ಪರೀಕ್ಷೆಯ ಅಂಕಗಳನ್ನು ಹಾಕಿದರೆ ಆಯಿತು. ಕಿರುಪರೀಕ್ಷೆಗಾದರೆ ಎರಡನೇ ಸಾಲಿನಲ್ಲಿ ಆರಕ್ಕೂ 25, ಒಟ್ಟು 150. ಶೇಕಡ 30 ಎಂದರೆ 7.5, ಹಾಗಾಗಿ ಮೂರನೇ ಸಾಲಿನಲ್ಲಿ 8. ಒಟ್ಟಿನ ಶೇಕಡ 33 ಎಂದರೆ 49.5, ಅಲ್ಲಿ 50. ಡಿಸ್ಟಿಂಕ್ಷನ್ 127.5ರ ಬದಲು 128. ಐದೇ ವಿಷಯ ಇರುವ ಪರೀಕ್ಷೆಯಾದರೆ ಇಲ್ಲದ ವಿಷಯದ ಕಾಲಂ ಅನ್ನು ಗರಿಷ್ಠ, ಕನಿಷ್ಠ ಎರಡೂ ಸಾಲಿನಲ್ಲಿ ಖಾಲಿ ಬಿಡಿ, ಮಕ್ಕಳ ಸಾಲಿನಲ್ಲೂ ಖಾಲಿ ಇರಲಿ, `I2`, `I3`, `I4`ರ ಅಂಕಗಳನ್ನೂ ಐದು ವಿಷಯಕ್ಕೆ ತಕ್ಕಂತೆ ತಿದ್ದಿ. ಸೂತ್ರ ಐದನ್ನೇ ನೋಡುತ್ತದೆ.

ಅರ್ಧ ಅಂಕ ಇದ್ದರೆ?

ಶೀಟಿಗೆ ಬರುವ ಮೊದಲೇ ಪೂರ್ಣಾಂಕ ಮಾಡಿ. 37.5 ಎಂದು ತುಂಬಿ ದಶಮಾಂಶ ಕಾಣದಂತೆ ಮಾಡಿದರೆ ಪರದೆಯಲ್ಲಿ 38 ಎಂದು ಕಾಣುತ್ತದೆ, ಫಲಿತಾಂಶ ಫೇಲ್ ಎನ್ನುತ್ತದೆ. ನೋಡಿದವರಿಗೆ ಸೂತ್ರದ ಮೇಲೆಯೇ ಸಂಶಯ. ಶೇಕಡದ ಕಾಲಂನಲ್ಲೂ ಎರಡು ದಶಮಾಂಶ ಹಾಗೇ ಇರಲಿ, 84.96ನ್ನು 85 ಎಂದು ತೋರಿಸಿ ಡಿಸ್ಟಿಂಕ್ಷನ್ ಕೊಡದಿದ್ದರೆ ಮಗು ಅಳುತ್ತಾ ಬರುತ್ತದೆ.

ಗಣಿತಕ್ಕೆ 108 ಅಂತ ತುಂಬಿದರೂ ಶೀಟು ಸುಮ್ಮನಿತ್ತು!

ಫಲಿತಾಂಶದ ಸೂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅದಕ್ಕೆ ಅಂಕದ ಸೆಲ್ಲುಗಳ ಮೇಲೆ ಬೇರೆ ಕಾವಲು ಹಾಕಿದ್ದೇನೆ. `C5`ರಿಂದ ಕೊನೆಯ ಮಗುವಿನ `H`ವರೆಗೆ ಆಯ್ದು, `Data Validation`ನಲ್ಲಿ `Custom` ಎಂದು ಆರಿಸಿ ಇದನ್ನು ಕೊಟ್ಟರೆ ಗರಿಷ್ಠ ಮೀರಿದ ಅಂಕವನ್ನು ಒಳಗೇ ಬಿಡುವುದಿಲ್ಲ:

```
=OR(C5="AB",AND(ISNUMBER(C5),C5>=0,C5<=C$2))
```

ಇದಕ್ಕೆ ಒಂದು ಮಿತಿ ಇದೆ. ಟೈಪ್ ಮಾಡಿದರೆ ಮಾತ್ರ ತಡೆಯುತ್ತದೆ, ಬೇರೆಡೆಯಿಂದ ನಕಲು ಮಾಡಿ ಅಂಟಿಸಿದರೆ ಸುಮ್ಮನಿರುತ್ತದೆ. ಅಂಟಿಸಿದ ಕಾವಲಿಲ್ಲದ ಸೆಲ್ ಹಳೆಯ ಕಾವಲನ್ನೂ ಅಳಿಸಿಹಾಕುತ್ತದೆ. ಅಂಟಿಸಲೇಬೇಕಾದರೆ `Paste Special` ತೆರೆದು `Values` ಎಂದು ಕೊಡಿ, ಆಮೇಲೆ ಕಾಲಂ ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ.

ಸೂತ್ರವನ್ನು ವಾಟ್ಸಾಪಿನಿಂದ ತೆಗೆದು ಹಾಕಿದರೆ `#NAME?` ಬರುತ್ತಿದೆ.

ದಾರಿಯಲ್ಲಿ ಉದ್ಧರಣ ಚಿಹ್ನೆ ಬದಲಾಗಿದೆ. ವರ್ಡ್‌ನಲ್ಲಿ ಅಥವಾ ಕೆಲವು ಫೋನ್‌ಗಳಲ್ಲಿ ಟೈಪ್ ಮಾಡಿದರೆ ನೆಟ್ಟಗಿನ ಚಿಹ್ನೆ ಬಾಗಿದ ಚಿಹ್ನೆಯಾಗುತ್ತದೆ, ಎರಡು ಅಡ್ಡಗೆರೆ ಸೇರಿ ಒಂದು ಉದ್ದ ಗೆರೆಯಾಗುತ್ತದೆ. ಎರಡನ್ನೂ ಎಕ್ಸೆಲ್ ಒಪ್ಪುವುದಿಲ್ಲ. ಸೂತ್ರವನ್ನು ಸಂದೇಶವಾಗಿ ಕಳಿಸಬೇಡಿ, ಶೀಟಿನ ಫೈಲನ್ನೇ ಕಳಿಸಿ.

ಇನ್ನೊಂದು ಮಾತು, ನುಡಿಯ ಹಳೆಯ ಫಾಂಟಿನಲ್ಲಿ ರೂಢಿಯಾದವರಿಗೆ. ‘ಪಾಸ್’, ‘ಫೇಲ್’ ಎಂಬ ಪದಗಳನ್ನು ಆ ಫಾಂಟಿನಲ್ಲಿ ಬರೆದರೆ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ. ಎಷ್ಟು ಮಂದಿ ಪಾಸಾದರು ಎಂದು ಎಣಿಸಲು ಹೋದರೆ ಸೊನ್ನೆ ಬರುತ್ತದೆ. ಯೂನಿಕೋಡ್‌ನಲ್ಲೇ ಇರಲಿ.

ಸೂತ್ರ ಸರಿಯಾಗಿ ಕೂತಿದೆ ಎಂದು ನನಗೆ ಖಾತ್ರಿಯಾಗುವುದು ಹೇಗೆ?

ಮಕ್ಕಳ ಅಂಕ ತುಂಬುವ ಮೊದಲು ಈ ಸಾಲುಗಳನ್ನು ಹಾಕಿ ನೋಡಿ, ಆಮೇಲೆ ಅಳಿಸಿ.

38, 30, 30, 30, 30, 30 ಹಾಕಿದರೆ ಫೇಲ್ ಬರಬೇಕು. ಕೊನೆಯ 30ನ್ನು 48 ಮಾಡಿ. ಒಟ್ಟು 206 ಆಗಿ ಪಾಸ್ ಆಗಬೇಕು. ಈಗ 38ನ್ನು 37 ಮಾಡಿ, ಕೊನೆಯದನ್ನು 99 ಮಾಡಿ. ಒಟ್ಟು ಏರಿದರೂ ಫೇಲ್. ಬೇರೆ ಸಾಲಿನಲ್ಲಿ 112, 84, 84, 84, 84, 83. ಒಟ್ಟು 531, ಪಾಸ್. 83ನ್ನು 84 ಮಾಡಿದ ಕೂಡಲೇ ಡಿಸ್ಟಿಂಕ್ಷನ್. ಅದರಲ್ಲೇ ಒಂದು ಅಂಕ ಅಳಿಸಿದರೆ ಬಾಕಿ, ಆ ಜಾಗದಲ್ಲಿ `AB` ಬರೆದರೆ ಫೇಲ್. ಇಷ್ಟೂ ಸರಿ ಬಂದರೆ ಸೂತ್ರ ಸರಿಯಿದೆ. ತೊಂಬತ್ತರ ಮೇಲಿನ ಅಂಕ ಹಾಕಿ ಡಿಸ್ಟಿಂಕ್ಷನ್ ಬಂತು ಎಂದು ಖುಷಿಪಡುವುದು ಪರೀಕ್ಷೆಯಲ್ಲ, ಗೆರೆಯ ಆಚೀಚೆಯ ಒಂದು ಅಂಕದಲ್ಲೇ ಸೂತ್ರದ ಬಣ್ಣ ಬಯಲಾಗುವುದು.

ಮಧ್ಯದಲ್ಲಿ ಹೊಸ ಮಗು ಸೇರಿದರೆ? ರ್‍ಯಾಂಕ್ ಪ್ರಕಾರ ಜೋಡಿಸಬೇಕಾದರೆ?

ಹೊಸ ಸಾಲು ಸೇರಿಸಿದ ಮೇಲೆ ಮೇಲಿನ ಸಾಲಿನ `I`, `J`, `K` ಮೂರನ್ನೂ ಅದಕ್ಕೆ ಎಳೆಯಿರಿ. ರ್‍ಯಾಂಕಿಗೆ ಜೋಡಿಸುವಾಗ ಐದನೇ ಸಾಲಿನಿಂದ, `A`ಯಿಂದ `K`ವರೆಗೆ ಪೂರ್ತಿ ಆಯ್ಕೆ ಮಾಡಿ. ಹೆಸರಿನ ಕಾಲಂ ಬಿಟ್ಟು ಅಂಕದ ಕಾಲಂಗಳನ್ನಷ್ಟೇ ಆಯ್ದು ಜೋಡಿಸಿದರೆ ಅಂಕಗಳು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗುತ್ತವೆ. ಅದಕ್ಕಿಂತ, ಜೋಡಿಸುವ ಮೊದಲು ಫೈಲಿನ ನಕಲು ಮಾಡಿ, ನಕಲಿನಲ್ಲಿ ಜೋಡಿಸುವುದು ವಾಸಿ.

ಶೀಟನ್ನು ಯಾವಾಗ ಕಚೇರಿಗೆ ಕೊಡಬಹುದು?

ಪಟ್ಟಿಯ ಕೆಳಗೆ, ಹೆಸರುಗಳ ಕಾಲಂ ಬಿಟ್ಟು ಬೇರೆ ಯಾವುದಾದರೂ ಖಾಲಿ ಸೆಲ್ಲಿನಲ್ಲಿ ಇದನ್ನು ಹಾಕಿ. 64ರ ಬದಲು ನಿಮ್ಮ ತರಗತಿಯ ಕೊನೆಯ ಸಾಲು:

```
=COUNTA(B5:B64)-COUNTIF(K5:K64,"ಪಾಸ್")-COUNTIF(K5:K64,"ಡಿಸ್ಟಿಂಕ್ಷನ್")-COUNTIF(K5:K64,"ಫೇಲ್")
```

ಹೆಸರುಗಳ ಸಂಖ್ಯೆಯಿಂದ ಮೂರೂ ಬಗೆಯ ಫಲಿತಾಂಶ ಕಳೆದು ಉಳಿದದ್ದು ಇದು. ಸೊನ್ನೆ ಬರದಿದ್ದರೆ ಯಾರದೋ ಅಂಕ ಇನ್ನೂ ಬಾಕಿ ಇದೆ, ಇಲ್ಲವೇ ಯಾವುದೋ ಸಾಲಿಗೆ ಸೂತ್ರ ಎಳೆದಿಲ್ಲ. ಒಟ್ಟು ಪಾಸಾದವರ ಸಂಖ್ಯೆ ಕೊಡುವಾಗ ಪಾಸ್ ಮತ್ತು ಡಿಸ್ಟಿಂಕ್ಷನ್ ಎರಡನ್ನೂ ಕೂಡಿಸುವುದು ಮರೆಯಬೇಡಿ, ‘ಪಾಸ್’ ಒಂದನ್ನೇ ಎಣಿಸಿದರೆ ಚೆನ್ನಾಗಿ ಓದಿದವರೇ ಲೆಕ್ಕದಿಂದ ಹೊರಗುಳಿಯುತ್ತಾರೆ.

ಸೊನ್ನೆ ಬಂದ ಮೇಲೆ ಫೈಲಿಗೆ ತರಗತಿ ಮತ್ತು ವಿಭಾಗದ ಹೆಸರಿಟ್ಟು ಪೆನ್‌ಡ್ರೈವಿನಲ್ಲಿ ಹೆಡ್‌ಮಾಸ್ಟರ್ ಕೊಠಡಿಯ ಕಂಪ್ಯೂಟರಿಗೆ ಹಾಕಿ. ಸೊನ್ನೆ ಬರಿಸಲಾಗದೆ ಸಿಕ್ಕಿಕೊಂಡವರು ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಲ್ಯಾಬಿಗೆ ಬನ್ನಿ, ಉತ್ತರಪತ್ರಿಕೆಗಳ ಕಟ್ಟೂ ಜೊತೆಗಿರಲಿ.

ಇಂತಿ,
ನಿಮ್ಮ ಗಣಿತ ಶಿಕ್ಷಕಿ